ಮೂರು ಅಂಕಕ್ಕೆ ಎಷ್ಟು ಪಾಯಿಂಟ್? ಪ್ರಶ್ನೆಪತ್ರಿಕೆಯಲ್ಲೇ ಬರೆದಿರುತ್ತದೆ

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದ ಪತ್ರಿಕೆ ಕೈಗೆ ಬಂದ ಕೂಡಲೇ ಪ್ರಶ್ನೆ ಓದುವುದಕ್ಕೆ ಮೊದಲು ಬಲಬದಿ ನೋಡಿ. ಪ್ರತಿ ವಿಭಾಗದ ಪಕ್ಕ 8 × 2 = 16, 9 × 3 = 27 ಅಂತೆಲ್ಲ ಇರುತ್ತದೆ. ಮೊದಲನೆಯದು ಪ್ರಶ್ನೆಗಳ ಸಂಖ್ಯೆ, ನಡುವಿನದು ಒಂದೊಂದಕ್ಕೆ ಸಿಗುವ ಅಂಕ, ಕೊನೆಯದು ಒಟ್ಟು. ಉತ್ತರ ಎಷ್ಟು ಬರೆಯಬೇಕು ಅನ್ನುವುದನ್ನು ಹೇಳುವುದು ಆ ನಡುವಿನ ಅಂಕಿ.

ಹೇಗೆ ಅಂತೀರಾ? ಮೌಲ್ಯಮಾಪನ ಮಾಡುವವರ ಕೈಯಲ್ಲಿ ಕೀ ಉತ್ತರ ಇರುತ್ತದೆ. ಸಮಾಜ ವಿಜ್ಞಾನದಲ್ಲಿ ಅಂಕವನ್ನು ಸಾಮಾನ್ಯವಾಗಿ ಪಾಯಿಂಟ್‌ಗೆ ಅರ್ಧದಂತೆ ಒಡೆದಿರುತ್ತಾರೆ. ಎರಡು ಅಂಕದ್ದಕ್ಕೆ ನಾಲ್ಕು ಪಾಯಿಂಟ್, ಮೂರರದ್ದಕ್ಕೆ ಆರು, ನಾಲ್ಕರದ್ದಕ್ಕೆ ಎಂಟು. ಪಾಠದಲ್ಲೇ ಅಷ್ಟು ಪಾಯಿಂಟ್ ಇಲ್ಲದಿದ್ದರೆ ಒಂದೊಂದಕ್ಕೆ ಒಂದು ಅಂಕ ಇಡುತ್ತಾರೆ. ನಿಮಗೆ ಯಾವ ಲೆಕ್ಕ ಅನ್ನೋದು ಗೊತ್ತಾಗದಿದ್ದರೆ ಅರ್ಧದ ಲೆಕ್ಕವನ್ನೇ ಹಿಡಿಯಿರಿ, ನಷ್ಟ ಆಗುವುದಿಲ್ಲ.

ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: ಸಹಾಯಕ ಸೈನ್ಯ ಪದ್ಧತಿ. ಒಂದು ಅಂಕಕ್ಕೆ ‘ಇದನ್ನು ಜಾರಿಗೆ ತಂದವರು ಯಾರು?’ ಅಂತ ಕೇಳಿದರೆ ಲಾರ್ಡ್ ವೆಲ್ಲೆಸ್ಲಿ ಅಂತ ಬರೆದು ಮುಂದಕ್ಕೆ ಹೋಗಿ. 1798, ಹೈದರಾಬಾದಿನ ನಿಜಾಮ ಮೊದಲು ಒಪ್ಪಿದ್ದು, ಇವೆಲ್ಲ ನಿಮಗೆ ಗೊತ್ತಿರಬಹುದು, ಆದರೆ ಇಲ್ಲಿ ಬರೆದರೆ ಅರ್ಧ ಅಂಕವೂ ಜಾಸ್ತಿ ಬರುವುದಿಲ್ಲ.

ಅದೇ ಮೂರು ಅಂಕಕ್ಕೆ ‘ಸಹಾಯಕ ಸೈನ್ಯ ಪದ್ಧತಿಯ ನಿಬಂಧನೆಗಳನ್ನು ತಿಳಿಸಿ’ ಅಂತ ಬಂದರೆ? ಆರು ಬೇಕು. ರಾಜ ತನ್ನ ರಾಜ್ಯದಲ್ಲಿ ಬ್ರಿಟಿಷ್ ಸೈನ್ಯವನ್ನು ಇರಿಸಿಕೊಳ್ಳಬೇಕು, ಒಂದು. ಅದರ ಖರ್ಚನ್ನು ತಾನೇ ಕೊಡಬೇಕು, ಇಲ್ಲವೇ ಅದಕ್ಕೆ ಸಾಕಾಗುವಷ್ಟು ಕಂದಾಯ ಬರುವ ಪ್ರದೇಶ ಬಿಟ್ಟುಕೊಡಬೇಕು, ಎರಡು. ಆಸ್ಥಾನದಲ್ಲಿ ಬ್ರಿಟಿಷ್ ರೆಸಿಡೆಂಟ್ ಇರಬೇಕು. ಬ್ರಿಟಿಷರ ಒಪ್ಪಿಗೆ ಇಲ್ಲದೆ ಬೇರೆ ಯುರೋಪಿಯನ್ನರನ್ನು ಕೆಲಸಕ್ಕೆ ಸೇರಿಸಿಕೊಳ್ಳಬಾರದು. ಗವರ್ನರ್ ಜನರಲ್ ಅನುಮತಿ ಇಲ್ಲದೆ ಬೇರೆ ರಾಜರೊಂದಿಗೆ ಯುದ್ಧವನ್ನಾಗಲಿ ಒಪ್ಪಂದವನ್ನಾಗಲಿ ಮಾಡಬಾರದು. ಇಷ್ಟಕ್ಕೆಲ್ಲ ಬದಲಾಗಿ ಒಳಗಿನ, ಹೊರಗಿನ ಅಪಾಯದಿಂದ ಕಂಪನಿ ಆ ರಾಜ್ಯವನ್ನು ಕಾಯುತ್ತದೆ. ಆರಾಯಿತು, ಅಲ್ವಾ?

ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಎಲ್ಲಿ ಗೊತ್ತಾ? ಮೊದಲ ಪಾಯಿಂಟನ್ನೇ ಎಳೆದೆಳೆದು ಬರೆಯುತ್ತಾರೆ. ‘ಸೈನ್ಯ ಇರಿಸಿಕೊಳ್ಳಬೇಕು, ಆ ಸೈನ್ಯ ಬ್ರಿಟಿಷರದ್ದೇ ಆಗಿರಬೇಕು, ಆ ಬ್ರಿಟಿಷ್ ಸೈನ್ಯ ರಾಜ್ಯದ ಒಳಗೇ ಇರಬೇಕು’ ಅಂತ ಮೂರು ಸಾಲು ತುಂಬಿಸಿದರೂ ಕೀ ಉತ್ತರದ ಪ್ರಕಾರ ಅದು ಒಂದೇ, ಸಿಗುವುದು ಅರ್ಧವೇ. ಬರೆದು ಮುಗಿಸಿದ ಮೇಲೆ ಪ್ರತಿ ಸಾಲಿಗೂ ‘ಇದರಲ್ಲಿ ಹೊಸದೇನಿದೆ?’ ಅಂತ ಕೇಳಿಕೊಳ್ಳಿ. ಹೊಸದಿಲ್ಲದ ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉತ್ತರವನ್ನು ಪ್ಯಾರಾ ಮಾಡದೆ ಒಂದೊಂದು ಪಾಯಿಂಟನ್ನು ಹೊಸ ಸಾಲಿನಲ್ಲಿ ಶುರು ಮಾಡಿದರೆ ಈ ಎಣಿಕೆ ನಿಮಗೂ ಸುಲಭ, ತಿದ್ದುವವರಿಗೂ ಸುಲಭ.

ಆರು ಬೇಕಾದ ಕಡೆ ಏಳು ನೆನಪಿದ್ದರೆ ಏಳನೆಯದನ್ನೂ ಬರೆಯಿರಿ. ಆರರಲ್ಲಿ ಒಂದು ತಪ್ಪಾಗಿದ್ದರೆ ಅದು ಕೈಹಿಡಿಯುತ್ತದೆ. ಹತ್ತು ಬರೆಯುವುದು ಮಾತ್ರ ಸುಮ್ನೆ ಸಮಯ ಹಾಳು. ಬರೆಯಲು 3 ಗಂಟೆ, ಒಟ್ಟು 80 ಅಂಕ. ಅಂದರೆ ಅಂಕಕ್ಕೆ ಎರಡೂಕಾಲು ನಿಮಿಷ, ಮೂರು ಅಂಕದ ಪ್ರಶ್ನೆಗೆ ಏಳು ನಿಮಿಷವೂ ಇಲ್ಲ. ನೆನಪಿಗೆ ಬಂದದ್ದು ನಾಲ್ಕೇ ಆದರೆ ಎರಡು ಸಾಲಿನ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ, ಆಮೇಲೆ ಹೊಳೆದಾಗ ಬಂದು ತುಂಬಿಸಿ.

ಪ್ರಶ್ನೆಯ ಒಳಗೇ ಸಂಖ್ಯೆ ಇದ್ದರೆ ಆಗ ಅದೇ ಮುಖ್ಯ. ‘ಎರಡು ಕಾರಣ ಕೊಡಿ’ ಅಂತ ಎರಡು ಅಂಕಕ್ಕೆ ಕೇಳಿದರೆ ಎರಡೇ ಕಾರಣ ಬರೆಯಿರಿ, ಆದರೆ ಒಂದೊಂದಕ್ಕೂ ಒಂದು ಅಂಕ ಇರುವುದರಿಂದ ಪೂರ್ತಿ ವಾಕ್ಯದಲ್ಲಿರಲಿ. ಒಂದೇ ಪ್ರಶ್ನೆಯಲ್ಲಿ ‘ಎಂದರೇನು? ಅದರ ಪರಿಣಾಮಗಳೇನು?’ ಅಂತ ಎರಡು ಕೇಳಿದ್ದರೆ ಅಂಕವೂ ಎರಡು ಕಡೆಗೆ ಹಂಚಿಹೋಗುತ್ತದೆ. ಪರಿಣಾಮಗಳನ್ನೇ ಆರು ಬರೆದು ಮೊದಲ ಭಾಗ ಬಿಟ್ಟರೆ ಆ ಪಾಲು ಹೋದಂತೆಯೇ.

ಈ ಲೆಕ್ಕವನ್ನು ಗಣಿತಕ್ಕೆ ಹಚ್ಚಬೇಡಿ. ಅಲ್ಲಿ ಅಂಕ ಹಂಚಿಕೆಯಾಗುವುದು ಹಂತಗಳ ಮೇಲೆ: ಸೂತ್ರ, ಬೆಲೆ ಹಾಕಿದ್ದು, ಬಿಡಿಸಿದ್ದು, ಉತ್ತರ. ಮೂರು ಅಂಕದ ಲೆಕ್ಕವನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ ಅಂದರೆ ಯಾವುದೋ ಹಂತವನ್ನು ಮನಸ್ಸಿನಲ್ಲೇ ಮಾಡಿ ಹಾಳೆಯ ಮೇಲೆ ಬರೆಯದೆ ಬಿಟ್ಟಿರುವ ಸಾಧ್ಯತೆ ಜಾಸ್ತಿ. ವಿಜ್ಞಾನದ ಚಿತ್ರದಲ್ಲೂ ಹೀಗೆಯೇ, ಚಿತ್ರಕ್ಕೊಂದು ಪಾಲು, ಭಾಗಗಳನ್ನು ಗುರುತಿಸಿದ್ದಕ್ಕೊಂದು ಪಾಲು.

ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಹಳೆಯ ಕೀ ಉತ್ತರಗಳು ಸಿಗುತ್ತವೆ. ಒಂದು ಪತ್ರಿಕೆ ಬಿಡಿಸಿ, ಮೂರು ಅಂಕದವುಗಳಲ್ಲಿ ನಿಮ್ಮ ಪಾಯಿಂಟ್ ಎಷ್ಟು, ಕೀಯಲ್ಲಿರುವವು ಎಷ್ಟು ಅಂತ ಎಣಿಸಿ ನೋಡಿ. ಯಾವ ಪಾಠದಲ್ಲಿ ಕಡಿಮೆ ಬೀಳುತ್ತಿದೆಯೋ ಆ ಪಾಠವನ್ನು ಮತ್ತೆ ಓದಬೇಕು, ಉಳಿದದ್ದನ್ನು ಸದ್ಯಕ್ಕೆ ಬಿಡಬಹುದು.