ಅಸಲು ಬಂದರೆ ಸಾಕು: ಎಲ್‌ಐಸಿ ಷೇರಿನ ಮೂರು ಬೆಲೆಗಳು

ಬೀಳುವ ಬೆಲೆಯನ್ನು ತಡೆಯುವ ಸಪೋರ್ಟ್, ಏರುವ ಬೆಲೆಯನ್ನು ತಡೆಯುವ ರೆಸಿಸ್ಟೆನ್ಸ್ ಅಂದರೆ ಚಾರ್ಟ್ ಮೇಲೆ ಎಳೆಯುವ ಅಡ್ಡಗೆರೆ ಅಂತಲೇ ಹೆಚ್ಚಿನವರು ಕಲಿಯುತ್ತಾರೆ. ನಾನು ಗೆರೆ ಎಳೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಬೆಲೆ ಯಾರಿಗೆ ನೆನಪಿದೆ, ಅದು ಮತ್ತೆ ಬಂದರೆ ಅವರು ಏನು ಮಾಡಬೇಕು ಅಂತ ಕಾಯುತ್ತಿದ್ದಾರೆ? ಉತ್ತರ ಸಿಗದಿದ್ದರೆ ಗೆರೆಯನ್ನೂ ಎಳೆಯುವುದಿಲ್ಲ. ಷೇರಿಗೆ ಅದರದೇ ನೆನಪು ಅಂತ ಏನೂ ಇಲ್ಲ. ನೆನಪು ಇರುವುದು ಅದನ್ನು ಇಟ್ಟುಕೊಂಡಿರುವ ಜನರಿಗೆ.

ಇದನ್ನು ತೋರಿಸಲು ಎಲ್‌ಐಸಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಬೇರೆ ಷೇರುಗಳಲ್ಲಿ ಒಬ್ಬೊಬ್ಬರು ಒಂದೊಂದು ಬೆಲೆಗೆ ಕೊಂಡಿರುತ್ತಾರೆ, ಅದನ್ನೆಲ್ಲ ನಾವು ಊಹಿಸಬೇಕು. ಎಲ್‌ಐಸಿಯಲ್ಲಿ ಹಾಗಲ್ಲ. 2022ರ ಮೇ ತಿಂಗಳ ಐಪಿಒದಲ್ಲಿ ಸರ್ಕಾರ ಮಾರಿದ್ದು ತನ್ನ ಪಾಲಿನ ಬರೀ 3.5 ಶೇಕಡಾ, ಅಂದರೆ ಸುಮಾರು 22 ಕೋಟಿ ಷೇರು. ಉಳಿದ 96.5 ಶೇಕಡಾ ಸರ್ಕಾರದ ಹತ್ತಿರವೇ ಉಳಿಯಿತು. ಮಾರುಕಟ್ಟೆಯಲ್ಲಿ ಓಡಾಡುವ ಹೆಚ್ಚುಕಡಿಮೆ ಎಲ್ಲಾ ಷೇರೂ ಒಂದೇ ವಾರದಲ್ಲಿ, ಮೂರೇ ಮೂರು ಬೆಲೆಗೆ ಜನರ ಕೈ ಸೇರಿತು. ದೊಡ್ಡ ಸಂಸ್ಥೆಗಳಿಗೆ 949 ರೂಪಾಯಿ. ಸಣ್ಣ ಹೂಡಿಕೆದಾರರಿಗೆ 45 ರೂಪಾಯಿ ರಿಯಾಯಿತಿ ಕಳೆದು 904. ಪಾಲಿಸಿದಾರರಿಗೆ 60 ಕಳೆದು 889. ಈ ಐಪಿಒಗೆ ಅಂತಲೇ ಮೊದಲ ಸಲ ಡಿಮ್ಯಾಟ್ ಖಾತೆ ತೆರೆದವರು ನಮ್ಮ ಬೀದಿಯಲ್ಲೇ ಇದ್ದರು.

ಮೇ 17ಕ್ಕೆ ಎನ್‌ಎಸ್‌ಇಯಲ್ಲಿ ಷೇರು 872ಕ್ಕೆ ತೆರೆಯಿತು. ಆ ದಿನ 900 ದಾಟಿ ಸ್ವಲ್ಪ ಮೇಲೆ ಹೋಗಿ, ಕೊನೆಗೆ 875ರ ಆಸುಪಾಸಿನಲ್ಲಿ ಮುಗಿಯಿತು. ಐಪಿಒ ತೆರೆಯುವ ಮುಂಚೆಯೇ ಷೇರು ಪಡೆದ ದೊಡ್ಡ ಸಂಸ್ಥೆಗಳು, ಅಂದರೆ ಆಂಕರ್ ಹೂಡಿಕೆದಾರರು, ಒಂದು ತಿಂಗಳು ಮಾರುವಂತಿಲ್ಲ ಅನ್ನುವ ಲಾಕ್-ಇನ್ ಜೂನ್‌ನಲ್ಲಿ ಮುಗಿದಾಗ ಇನ್ನಷ್ಟು ಬಿತ್ತು. 2023ರ ಮಾರ್ಚ್ ಕೊನೆಗೆ 530ರ ಹತ್ತಿರ ಬಂದಿತ್ತು.

ನಮ್ಮ ಮಾವನವರಿಗೆ ಪಾಲಿಸಿದಾರರ ಕೋಟಾದಲ್ಲಿ ಒಂದು ಲಾಟ್, 15 ಷೇರು ಬಂದಿತ್ತು. ಆಗ ಅವರು ಹೇಳಿದ್ದು: "ನಂಗೆ ಲಾಭ ಬೇಡ ಕಣಪ್ಪ, ಅಸಲು ಬಂದರೆ ಸಾಕು. ಬಂದ ದಿನವೇ ಮಾರಿಬಿಡ್ತೀನಿ." ರೆಸಿಸ್ಟೆನ್ಸ್ ಅಂದರೆ ಇದೇ ಮಾತು. ಒಬ್ಬರು ಆಡಿದರೆ ಮನೆಮಾತು, ಲಕ್ಷಾಂತರ ಜನ ಒಂದೇ ಅಂಕಿ ಇಟ್ಟುಕೊಂಡು ಆಡಿದರೆ ಆ ಬೆಲೆಯಲ್ಲಿ ಮಾರುವವರ ಸಾಲು. ನಷ್ಟದಲ್ಲಿರುವ ಷೇರನ್ನು ಜನ ಬಿಡಲು ಒಪ್ಪುವುದಿಲ್ಲ, ಕೊಂಡ ಬೆಲೆ ಬಂದ ಕೂಡಲೇ ಕೈ ತೊಳೆದುಕೊಳ್ಳುತ್ತಾರೆ. ಈ ಸ್ವಭಾವದ ಬಗ್ಗೆ ಹರ್ಷ್ ಶೆಫ್ರಿನ್, ಮೀರ್ ಸ್ಟ್ಯಾಟ್‌ಮನ್ 1985ರಲ್ಲೇ ಬರೆದಿದ್ದಾರೆ. ಈಗಂತೂ ಮರೆಯಲು ಬ್ರೋಕರ್ ಆ್ಯಪೇ ಬಿಡುವುದಿಲ್ಲ. ತೆರೆದರೆ ಸಾಕು, ಸರಾಸರಿ ಕೊಂಡ ಬೆಲೆ, ಪಕ್ಕದಲ್ಲಿ ಕೆಂಪು ಅಂಕಿ.

ಹಾಗಾಗಿ ನಾನು ಗೆರೆಯ ಬದಲು ಪಟ್ಟಿ ಎಳೆದೆ, 889ರಿಂದ 949ರವರೆಗೆ. ಪಟ್ಟಿಯ ಕೆಳಗಡೆ ಪಾಲಿಸಿದಾರರು, ಮಧ್ಯೆ ಸಣ್ಣ ಹೂಡಿಕೆದಾರರು, ಮೇಲ್ಗಡೆ ಸಂಸ್ಥೆಗಳು. ಮೂರು ಗುಂಪೂ ಒಂದೇ ರೀತಿ ಮಾರುವುದಿಲ್ಲ ಅಂತಲೂ ಅಂದುಕೊಂಡೆ. ಸಣ್ಣವರು ಅಸಲು ಬಂತು ಅಂದ ತಕ್ಷಣ ಮಾರುತ್ತಾರೆ. ಸಂಸ್ಥೆಯಲ್ಲಿ ಕೂತವರಿಗೆ 949 ಅಷ್ಟೊಂದು ಕಾಡುವ ಅಂಕಿಯಲ್ಲ, ಅವರು ಮುಂದಿನ ಲಾಭದ ಲೆಕ್ಕ ನೋಡುತ್ತಾರೆ. ಅಂದರೆ ಪಟ್ಟಿಯ ಕೆಳಭಾಗ ಮೇಲ್ಭಾಗಕ್ಕಿಂತ ಗಟ್ಟಿ ಇರಬೇಕು.

ಇಲ್ಲಿ ಚಾರ್ಟ್ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಚಾರ್ಟ್ ಸೆಟ್ಟಿಂಗ್‌ನಲ್ಲಿ ಡಿವಿಡೆಂಡ್‌ಗೆ ಹೊಂದಿಸುವ ಆಯ್ಕೆ ಆನ್ ಆಗಿದ್ದರೆ ಹಳೆ ಬೆಲೆಗಳೆಲ್ಲ ಕೆಳಗೆ ಜರುಗುತ್ತವೆ, 949 ಇರಬೇಕಾದ ಜಾಗದಲ್ಲಿ ಇರುವುದಿಲ್ಲ. ಡಿವಿಡೆಂಡ್ ಬಂತು ಅಂತ ಯಾರೂ ಮನಸ್ಸಿನಲ್ಲಿ ಕೊಂಡ ಬೆಲೆಯನ್ನು ಇಳಿಸಿಕೊಳ್ಳುವುದಿಲ್ಲ. ಅದಕ್ಕೇ ನಾನು ಆ ಆಯ್ಕೆಯನ್ನು ಆಫ್ ಮಾಡಿಟ್ಟಿರುತ್ತೇನೆ. ಬೋನಸ್ ವಿಷಯ ಬೇರೆ. ಇನ್ಫೋಸಿಸ್ 2018ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಾಗ ಬೆಲೆ ಅರ್ಧವಾಯಿತು, ಷೇರುಗಳ ಸಂಖ್ಯೆ ದುಪ್ಪಟ್ಟಾಯಿತು. ಆಗ ಆ್ಯಪಿನಲ್ಲಿ ಕಾಣುವ ಸರಾಸರಿಯೂ ಅರ್ಧಕ್ಕೆ ಇಳಿಯುತ್ತದೆ, ಜನರ ನೆನಪೂ ಅದರ ಜೊತೆಗೇ ಇಳಿಯುತ್ತದೆ. ಬೋನಸ್, ಸ್ಪ್ಲಿಟ್‌ಗೆ ಹೊಂದಿಸಿದ ಚಾರ್ಟೇ ಸರಿ.

2023ರ ಕೊನೆಗೆ ಷೇರು ಏರಲು ಶುರುವಾಗಿ 2024ರ ಜನವರಿಯಲ್ಲಿ ಪಟ್ಟಿಯೊಳಗೆ ಬಂತು. ಆಗ ನಾನು ನೋಡುತ್ತಿದ್ದದ್ದು ಬೆಲೆಗಿಂತ ಜಾಸ್ತಿ ಡೆಲಿವರಿಯನ್ನು. ಎನ್‌ಎಸ್‌ಇ ಪ್ರತಿದಿನ ಸಂಜೆ ಹಾಕುವ ಫೈಲಿನಲ್ಲಿ `DELIV_QTY` ಅಂತ ಒಂದು ಕಾಲಮ್ ಇದೆ. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರಿದ್ದೆಲ್ಲ ಬಿಟ್ಟು, ನಿಜವಾಗಿ ಒಬ್ಬರ ಡಿಮ್ಯಾಟ್‌ನಿಂದ ಇನ್ನೊಬ್ಬರದಕ್ಕೆ ಹೋದ ಷೇರುಗಳ ಲೆಕ್ಕ ಅದು. ಪಟ್ಟಿಯೊಳಗೆ ವ್ಯಾಪಾರವಾದ ದಿನಗಳ ಡೆಲಿವರಿಯನ್ನು ಮಾತ್ರ ಕೂಡಿಸುತ್ತಾ ಹೋದೆ. ಹೋಲಿಕೆಗೆ ಇಟ್ಟುಕೊಂಡದ್ದು ಆ 22 ಕೋಟಿ.

ಯಾಕೆ ಈ ಲೆಕ್ಕ ಅಂದರೆ, ಪಟ್ಟಿಯೊಳಗೆ ಕೈ ಬದಲಾದ ಪ್ರತಿ ಷೇರಿನ ಜೊತೆ ಒಂದು ಹಳೆ ನೆನಪೂ ಹೋಗುತ್ತದೆ. ಅಸಲಿಗಾಗಿ ಕಾಯುತ್ತಿದ್ದವರು ಹೊರಗೆ ಹೋದರು, ಈ ಬೆಲೆ ಒಳ್ಳೆಯದು ಅಂದುಕೊಂಡವರು ಒಳಗೆ ಬಂದರು. ಎಷ್ಟು ಸಲ ಮುಟ್ಟಿದರೆ ರೆಸಿಸ್ಟೆನ್ಸ್ ಅಷ್ಟು ಗಟ್ಟಿ ಅಂತ ಹೇಳುವುದುಂಟು. ನಾನು ಅದನ್ನು ಒಪ್ಪುವುದಿಲ್ಲ. ಪ್ರತಿ ಸಲ ಮುಟ್ಟಿದಾಗಲೂ ಮಾರಬೇಕಾದವರು ಒಂದಷ್ಟು ಜನ ಮಾರಿ ಮುಗಿಸುತ್ತಾರೆ, ಕೆರೆಯ ಕಟ್ಟೆಯನ್ನು ಅಷ್ಟಷ್ಟೇ ತೋಡಿದ ಹಾಗೆ. ಬೆಲೆ ಮುಟ್ಟಿ ವಾಪಸಾದರೂ, ಪ್ರತಿ ಸಲ ಮೊದಲಿಗಿಂತ ಕಮ್ಮಿ ಇಳಿಯುತ್ತಿದ್ದರೆ, ಡೆಲಿವರಿ ಮಾತ್ರ ಜೋರಾಗಿದ್ದರೆ, ಸಾಲು ಕರಗುತ್ತಿದೆ ಅಂತ ಅರ್ಥ. ಮುಟ್ಟಿದ ಕೂಡಲೇ ಕಮ್ಮಿ ಡೆಲಿವರಿಯಲ್ಲೇ ಧೊಪ್ಪನೆ ಬಿದ್ದರೆ ಕೊಳ್ಳುವವರೇ ಇಲ್ಲ, ಸಾಲು ಹಾಗೇ ಇದೆ ಅಂತ.

ಈ ಲೆಕ್ಕ ಕರಾರುವಾಕ್ಕಲ್ಲ. ಅದೇ ಷೇರು ಎರಡು ಮೂರು ಕೈ ಬದಲಾಗಿರಬಹುದು, ಫೈಲಿನಲ್ಲಿ ಅದು ಗೊತ್ತಾಗುವುದಿಲ್ಲ. ಕೂಡಿಸಿದ ಮೊತ್ತ 22 ಕೋಟಿ ಆಯಿತು ಅಂದರೆ ಹಳಬರೆಲ್ಲ ಹೋದರು ಅಂತಲ್ಲ. ನಮ್ಮ ಮಾವನವರೇ 889 ಬಂದ ಮೇಲೂ ಮಾರಲಿಲ್ಲ. "ಇಷ್ಟು ದಿನ ಕಾದಿದ್ದೀನಿ, ಸಾವಿರ ನೋಡೇಬಿಡೋಣ" ಅಂದರು. ಅಲ್ಲಿಗೆ ಅವರ ನೆನಪಿನ ಬೆಲೆ 889 ಹೋಗಿ 1,000 ಆಯಿತು. ಇಡಿಯಾದ ಅಂಕಿಗಳ ಹತ್ತಿರ ಬೆಲೆ ತಡವರಿಸುವುದು ಹೀಗೇ. ಅಲ್ಲಿ ಯಾರೂ ಕೊಂಡಿರುವುದಿಲ್ಲ, ಆದರೆ ಎಲ್ಲರೂ ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಂಡಿರುತ್ತಾರೆ.

ಫೆಬ್ರವರಿ ಮೊದಲ ವಾರಗಳಲ್ಲಿ ಷೇರು 949 ದಾಟಿತು, ಸಾವಿರ ದಾಟಿತು, ತ್ರೈಮಾಸಿಕ ಫಲಿತಾಂಶದ ಮರುದಿನ 1,175ರವರೆಗೂ ಹೋಯಿತು. ನಾನು ಅಲ್ಲಿ ಕೊಳ್ಳಲಿಲ್ಲ. ನನ್ನ ಆಸಕ್ತಿ ಇದ್ದದ್ದು ವಾಪಸ್ ಬರುವಾಗ. ಅಷ್ಟು ಹೊತ್ತಿಗೆ ಪಟ್ಟಿಯನ್ನು ನೆನಪಿಟ್ಟುಕೊಂಡ ಜನ ಬದಲಾಗಿರುತ್ತಾರೆ. 904ಕ್ಕೆ ಮಾರಿ ಆಮೇಲೆ 1,175 ನೋಡಿದವರಿಗೆ ಕೈ ತಪ್ಪಿತಲ್ಲ ಅನ್ನುವ ಸಂಕಟ. ಪಟ್ಟಿಯೊಳಗೆ ಕೊಂಡವರಿಗೆ, ಇನ್ನೊಂದು ಸಲ ಆ ಬೆಲೆಗೆ ಸಿಕ್ಕರೆ ಇನ್ನಷ್ಟು ಹಾಕೋಣ ಅನ್ನುವ ಧೈರ್ಯ. ಮೊದಲು ಮಾರಲು ಕಾಯುತ್ತಿದ್ದ ಬೆಲೆಯಲ್ಲೇ ಈಗ ಕೊಳ್ಳಲು ಕಾಯುವವರಿದ್ದಾರೆ. ರೆಸಿಸ್ಟೆನ್ಸ್ ಸಪೋರ್ಟ್ ಆಗುವುದು ಹೀಗೆ.

ಮಾರ್ಚ್‌ನಲ್ಲಿ ಷೇರು 900ರ ಹತ್ತಿರಕ್ಕೆ ಇಳಿದು ಬಂದಾಗ 910ಕ್ಕೆ ಕೊಂಡೆ. ಸ್ಟಾಪ್, ಅಂದರೆ ಬೆಲೆ ಬಿದ್ದರೆ ಮಾರಿ ಹೊರಬರುವ ಅಂಕಿ, ಎಲ್ಲಿ ಇಡುವುದು ಅನ್ನುವುದೇ ಮುಖ್ಯ. 889ರ ಕೆಳಗೇ, 885ಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಆ ಅಂಕಿ ಎಲ್ಲರಿಗೂ ಗೊತ್ತು, ಎಲ್ಲರ ಸ್ಟಾಪೂ ಅಲ್ಲೇ ಇರುತ್ತದೆ. ದಿನದ ಮಾಮೂಲಿ ಏರಿಳಿತಕ್ಕೇ ಅದು ಹೊಡೆದುಹೋಗುತ್ತದೆ. ನಾನು ಇಟ್ಟದ್ದು 850, ಅದೂ ದಿನದ ಕೊನೆಯ ಬೆಲೆ ಅದರ ಕೆಳಗೆ ಮುಗಿದರೆ ಮಾತ್ರ. ಒಂದು ಷೇರಿಗೆ 60 ರೂಪಾಯಿ ಅಪಾಯ. ನಾನು ಟ್ರೇಡಿಂಗಿಗೆ ಇಟ್ಟಿರುವುದು 3 ಲಕ್ಷ, ಒಂದು ವ್ಯವಹಾರದಲ್ಲಿ ಅದರ 1 ಶೇಕಡಾಕ್ಕಿಂತ ಜಾಸ್ತಿ ಕಳೆಯುವುದಿಲ್ಲ ಅಂತ ನಿಯಮ. 3,000ವನ್ನು 60ರಿಂದ ಭಾಗಿಸಿದರೆ 50 ಷೇರು. ಅಷ್ಟೇ ಕೊಂಡೆ. ಸಾವಿರ ದಾಟಿದ ಮೇಲೆ ಅರ್ಧ ಮಾರಿದೆ, ಉಳಿದದ್ದನ್ನು ಸ್ಟಾಪ್ ಏರಿಸುತ್ತಾ ಇಟ್ಟುಕೊಂಡೆ.

ಈ ನೆನಪಿನ ಲೆಕ್ಕ ಕೆಲಸ ಮಾಡದ ಕಡೆಗಳೂ ಇವೆ. ದೊಡ್ಡ ಸುದ್ದಿ ಬಂದು ಬೆಲೆ ಪಟ್ಟಿಯನ್ನೇ ಹಾರಿ ತೆರೆದರೆ ಕಾಯುತ್ತಿದ್ದವರಿಗೆ ಅವಕಾಶವೇ ಸಿಗುವುದಿಲ್ಲ. ಆಗ ನಾನೂ ಸುಮ್ನೆ ಇರುತ್ತೇನೆ. ಇಡೀ ಮಾರುಕಟ್ಟೆ ಬೀಳುತ್ತಿರುವಾಗ ಕೊಳ್ಳಬೇಕು ಅಂದುಕೊಂಡವರ ಕೈಯಲ್ಲಿ ಹಣವೂ ಇರುವುದಿಲ್ಲ, ಧೈರ್ಯವೂ ಇರುವುದಿಲ್ಲ. ಎಲ್‌ಐಸಿಯಲ್ಲೇ ಅದು ಆಯಿತು. 2024ರ ಆಗಸ್ಟ್ ಶುರುವಿನಲ್ಲಿ 1,222ರವರೆಗೆ ಹೋದ ಷೇರು ಆಮೇಲೆ ಮಾರುಕಟ್ಟೆಯ ಜೊತೆಗೇ ಇಳಿಯಿತು. ಪಟ್ಟಿ ಒಡೆಯಿತು, 2025ರ ಮಾರ್ಚ್ ಆರಂಭದಲ್ಲಿ 715ರ ಹತ್ತಿರ ಇತ್ತು.

ಒಡೆದ ಮೇಲೆ ಪಟ್ಟಿ ಅಳಿಸಿಹೋಗಲಿಲ್ಲ, ಅದರ ಮೇಲೆ ಇನ್ನೊಂದು ಪದರ ಕೂತಿತು. ಈಗ ಅಲ್ಲಿ 2022ರ ಐಪಿಒದಿಂದ ಇನ್ನೂ ಮಾರದೇ ಉಳಿದವರಿದ್ದಾರೆ, 2024ರಲ್ಲಿ 900ರಿಂದ ಸಾವಿರದೊಳಗೆ ಕೊಂಡು ಸಿಕ್ಕಿಕೊಂಡವರೂ ಇದ್ದಾರೆ. 2025ರ ಮೇ ಕೊನೆಗೆ ಫಲಿತಾಂಶ ಬಂದಾಗ ಷೇರು ಒಂದೇ ದಿನ ಜೋರಾಗಿ ಏರಿ ಮತ್ತೆ 949ರ ಸುತ್ತಲೇ ಬಂದು ನಿಂತಿತು. ಅವತ್ತು ಸಂಜೆ ನಾನು ಡೆಲಿವರಿ ಕೂಡಿಸುವ ಹಾಳೆಯನ್ನು ಸೊನ್ನೆಯಿಂದ ಹೊಸದಾಗಿ ಶುರುಮಾಡಿದೆ. ಈ ಸಲ ಹೋಲಿಕೆಗೆ 22 ಕೋಟಿ ಸಾಲದು. 2024ರಲ್ಲಿ ಪಟ್ಟಿಯೊಳಗೆ ಎಷ್ಟು ಕೈ ಬದಲಾಗಿತ್ತೋ ಆ ಮೊತ್ತವನ್ನೂ ಪಕ್ಕದ ಕಾಲಮ್ಮಿನಲ್ಲಿ ಬರೆದಿಟ್ಟುಕೊಂಡಿದ್ದೇನೆ.