ಅಂಗಡಿ ಸಜ್ಜಾಗುವವರೆಗೆ ಬಾಡಿಗೆ ವಿನಾಯಿತಿ, ಬೋರ್ಡಿಗೆ ಲಿಖಿತ ಹಕ್ಕು: ಕೇಳುವುದು ಹೇಗೆ?

ಖಾಲಿ ಮಳಿಗೆಯನ್ನು ಬಾಡಿಗೆಗೆ ಹಿಡಿದವರು ಮೊದಲ ಗಿರಾಕಿಯ ಮುಖ ನೋಡುವ ಮುನ್ನ ನೆಲ, ವೈರಿಂಗ್, ಕಪಾಟು, ಬಣ್ಣ ಎಂದು ಹಲವು ವಾರ ಕಳೆಯಬೇಕಾಗುತ್ತದೆ. ಆ ಅವಧಿಗೆ ಬಾಡಿಗೆ ಬೇಡವೆನ್ನಲು ಎಷ್ಟೋ ಮಾಲೀಕರು ಒಪ್ಪುತ್ತಾರೆ. ಆದರೆ ಮುಂಗಡ ಕೈಸೇರಿದ ಮೇಲೆ ಕೇಳಿದರೆ ಒಪ್ಪುವ ಅಗತ್ಯ ಅವರಿಗೆ ಇರುವುದಿಲ್ಲ. ಆದ್ದರಿಂದ ಬಾಡಿಗೆಯ ಮೊತ್ತ ಮಾತಾಗುವಾಗಲೇ, ಕರಾರು ಬರೆಯುವ ಮೊದಲೇ, ಇದನ್ನೂ ಬೋರ್ಡಿನ ವಿಷಯವನ್ನೂ ಒಟ್ಟಿಗೆ ಎತ್ತಬೇಕು.

ಮೊದಲ ಹೆಜ್ಜೆ, ದಿನಗಳ ಲೆಕ್ಕ. ‘ಒಂದೆರಡು ತಿಂಗಳು ಬಿಡಿ’ ಎಂದರೆ ಅದು ಚೌಕಾಸಿಯಂತೆ ಕೇಳಿಸುತ್ತದೆ. ಕೆಲಸದ ಪಟ್ಟಿಯನ್ನು ಮುಂದಿಟ್ಟರೆ ಅದಕ್ಕೆ ತೂಕ ಬರುತ್ತದೆ. ಒಂದು ಸಣ್ಣ ಅಂಗಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದರ ನಂತರ ಒಂದರಂತೆ ನೆಲಕ್ಕೆ 7 ದಿನ, ವೈರಿಂಗಿಗೆ 6, ಕಪಾಟುಗಳಿಗೆ 14, ಬಣ್ಣಕ್ಕೆ 5, ಬೋರ್ಡು ಮತ್ತು ದೀಪಗಳಿಗೆ 4, ಒಟ್ಟು 36 ದಿನ. ಬಡಗಿ ಹೇಳಿದ ದಿನಕ್ಕೆ ಬರುವುದಿಲ್ಲವೆಂಬುದು ಎಲ್ಲರ ಅನುಭವವಾದ್ದರಿಂದ ಇನ್ನೂ 9 ದಿನ ಸೇರಿಸಿ 45 ದಿನ ಕೇಳಬಹುದು.

ಎರಡನೆಯದು, ಎಣಿಕೆ ಎಂದಿನಿಂದ ಎಂಬುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಕರಾರಿಗೆ ಸಹಿ ಬಿದ್ದದ್ದು 1ನೇ ತಾರೀಕಿನಂದು, ಆದರೆ ಹಿಂದಿನ ಬಾಡಿಗೆದಾರರ ಸಾಮಾನು ಖಾಲಿಯಾಗಿ ಬೀಗದ ಕೈ ಸಿಕ್ಕಿದ್ದು 12ರಂದು ಎಂದುಕೊಳ್ಳಿ. ‘ಸಹಿಯಾದ ದಿನದಿಂದ 45 ದಿನ’ ಎಂದು ಬರೆದಿದ್ದರೆ 11 ದಿನ ಆಗಲೇ ಕಳೆದು 34 ಉಳಿಯುತ್ತವೆ. ಇಟ್ಟುಕೊಂಡಿದ್ದ ಬಿಡುವು ಹೋಗುವುದಲ್ಲದೆ ಕೆಲಸಕ್ಕೇ 2 ದಿನ ಕೊರೆಯಾಗುತ್ತದೆ. ಆದ್ದರಿಂದ ವಾಕ್ಯ ಹೀಗಿರಲಿ: ‘ಮಳಿಗೆಯನ್ನು ಪೂರ್ಣ ಖಾಲಿ ಮಾಡಿ, ವಿದ್ಯುತ್ ಸಂಪರ್ಕ ಚಾಲ್ತಿಯಲ್ಲಿರುವ ಸ್ಥಿತಿಯಲ್ಲಿ ಬೀಗದ ಕೈ ಒಪ್ಪಿಸಿದ ದಿನದಿಂದ 45 ದಿನಗಳವರೆಗೆ ಬಾಡಿಗೆ ಇರುವುದಿಲ್ಲ, 46ನೇ ದಿನದಿಂದ ಬಾಡಿಗೆ ಆರಂಭವಾಗುತ್ತದೆ.’ ಬೀಗದ ಕೈ ಪಡೆದ ದಿನ ಒಂದು ಸಾಲಿನ ಚೀಟಿ ಬರೆದು ಇಬ್ಬರೂ ಸಹಿ ಹಾಕಿದರೆ ಮುಂದೆ ತಾರೀಕಿನ ಬಗ್ಗೆ ತಕರಾರು ಏಳುವುದಿಲ್ಲ. ಒಳಗಿನ ಕೆಲಸದ ನಕ್ಷೆಗೆ ಮಾಲೀಕರ ಒಪ್ಪಿಗೆ ಬೇಕೆಂದು ಕರಾರಿನಲ್ಲಿದ್ದರೆ, ಅವರು ಎಷ್ಟು ದಿನದೊಳಗೆ ಉತ್ತರಿಸಬೇಕೆಂಬುದನ್ನೂ, ತಡವಾದಷ್ಟು ದಿನ ವಿನಾಯಿತಿ ಮುಂದುವರಿಯುವುದೆಂಬುದನ್ನೂ ಸೇರಿಸಬೇಕು.

ಮಾಲೀಕರು ಹಿಂಜರಿದರೆ ಹೇಳಬಹುದಾದ ಮಾತೊಂದಿದೆ. ಮೂರು ವರ್ಷದ ಕರಾರಿನಲ್ಲಿ ಒಂದೂವರೆ ತಿಂಗಳು ಬಿಟ್ಟರೆ ಅವರಿಗಾಗುವ ಕಡಿತ ಒಟ್ಟು ಬಾಡಿಗೆಯ ಸುಮಾರು ಶೇಕಡ 4 ಮಾತ್ರ; ಮೇಲಾಗಿ ಕಾಗದದಲ್ಲಿನ ಬಾಡಿಗೆ ಇಳಿಯುವುದಿಲ್ಲ, ಮುಂದಿನ ಏರಿಕೆಯೂ ಆ ಮೊತ್ತದ ಮೇಲೆಯೇ ಲೆಕ್ಕವಾಗುತ್ತದೆ. ಬಾಡಿಗೆ ತಗ್ಗಿಸುವುದಕ್ಕಿಂತ ದಿನಗಳನ್ನು ಬಿಡಲು ಅವರು ಸುಲಭವಾಗಿ ಒಪ್ಪುವುದು ಇದರಿಂದಲೇ. ಪ್ರತಿಯಾಗಿ, ಅವಧಿಗೆ ಮುನ್ನ ಖಾಲಿ ಮಾಡಿದರೆ ಬಿಟ್ಟ ಬಾಡಿಗೆಯನ್ನು ಮರಳಿಸಬೇಕೆಂದು ಅವರು ಕೇಳಬಹುದು. ಮೊದಲ ವರ್ಷಕ್ಕೆ ಮಾತ್ರ ಸೀಮಿತವಾದರೆ ಅದು ನ್ಯಾಯವೆಂದೇ ನನ್ನ ಅಭಿಪ್ರಾಯ. ವಿನಾಯಿತಿ ಬಾಡಿಗೆಗಷ್ಟೇ ಅನ್ವಯಿಸುತ್ತದೆಯೋ, ನಿರ್ವಹಣಾ ಶುಲ್ಕಕ್ಕೂ ಅನ್ವಯಿಸುತ್ತದೆಯೋ ಎಂಬುದು ಬರಹದಲ್ಲಿರಲಿ. ವಿದ್ಯುತ್ ಬಿಲ್ಲು ಬಳಸಿದವರದೇ.

ಇನ್ನು ಬೋರ್ಡು. ‘ಬಾಡಿಗೆದಾರರು ನಾಮಫಲಕ ಹಾಕಿಕೊಳ್ಳಬಹುದು’ ಎಂಬ ಒಂದೇ ಸಾಲು ಸಾಲದು, ಏಕೆಂದರೆ ಎಲ್ಲಿ, ಎಷ್ಟು ದೊಡ್ಡದು ಎಂಬುದನ್ನು ಅದು ಹೇಳುವುದಿಲ್ಲ. ಮಳಿಗೆಯ ಮುಂಭಾಗದ ಫೋಟೊ ತೆಗೆದು, ಷಟರಿನ ಮೇಲಂಚಿನಿಂದ ಸಜ್ಜದ ಕೆಳಗಿನವರೆಗೆ, ಎಡಗಂಬದಿಂದ ಬಲಗಂಬದವರೆಗೆ ಕೆಂಪು ಗೆರೆ ಎಳೆದು, ಉದ್ದ, ಎತ್ತರ ಹಾಗೂ ಗೋಡೆಯಿಂದ ಹೊರಚಾಚುವ ಅಳತೆಯನ್ನು ಬರೆದು ಕರಾರಿಗೆ ಲಗತ್ತಿಸುವುದು ಉತ್ತಮ. ದೀಪದ ವೈರು ಎಲ್ಲಿಂದ ಬರಬೇಕು, ಗೋಡೆಗೆ ಬೋಲ್ಟ್ ಹೊಡೆಯಬಹುದೇ ಎಂಬುದೂ ಅದೇ ಹಾಳೆಯಲ್ಲಿರಲಿ.

ಜಾಹೀರಾತು ಫಲಕಕ್ಕೆ ಸ್ಥಳೀಯ ಆಡಳಿತದ ಪರವಾನಗಿ ಬೇಕಾಗುವ ಕಡೆ ಮಾಲೀಕರ ಒಪ್ಪಿಗೆಯಷ್ಟರಿಂದ ಕೆಲಸವಾಗುವುದಿಲ್ಲ. ಅರ್ಜಿಯನ್ನು ಬಾಡಿಗೆದಾರರು ಹಾಕುವುದೆಂದೂ, ಕೇಳಿದ 7 ದಿನದೊಳಗೆ ಮಾಲೀಕರು ನಿರಾಕ್ಷೇಪಣಾ ಪತ್ರ ಕೊಡುವುದೆಂದೂ ಬರೆಸಿಕೊಳ್ಳಬೇಕು. ಕಟ್ಟಡಕ್ಕೆ ಸಂಘವಿದ್ದರೆ ಬೋರ್ಡಿನ ಬಗ್ಗೆ ಅದರ ನಿಯಮವೇನೆಂದು ಸಹಿಗೆ ಮೊದಲೇ ನೋಡಬೇಕು.

ಬೋರ್ಡು ಏರಿದ ಮೇಲೂ ಅದು ಮರೆಯಾಗುವ ದಾರಿಗಳಿವೆ: ಮೇಲಿನ ಮಹಡಿಯವರು ಇಳಿಬಿಟ್ಟ ಬ್ಯಾನರು, ಮಾಲೀಕರೇ ಹಾಕಿಸಿದ ತಗಡಿನ ಚಾವಣಿ, ಬಣ್ಣ ಬಳಿಯಲು ಕಟ್ಟಿ ತಿಂಗಳಾದರೂ ಬಿಚ್ಚದ ಸಾರುವೆ. ಗುರುತಿಸಿದ ಜಾಗವನ್ನು ಮಾಲೀಕರು ತಾವೂ ಮುಚ್ಚುವುದಿಲ್ಲ, ಬೇರೆ ಬಾಡಿಗೆದಾರರಿಗೂ ಮುಚ್ಚಲು ಅನುಮತಿಸುವುದಿಲ್ಲ, ದುರಸ್ತಿಗಾಗಿ ಬೋರ್ಡು ತೆಗೆದರೆ ಇಂತಿಷ್ಟು ದಿನದಲ್ಲಿ ತಮ್ಮ ಖರ್ಚಿನಲ್ಲಿ ಮರಳಿ ಹಾಕಿಸುತ್ತಾರೆ ಎಂಬ ಷರತ್ತು ಇದಕ್ಕಾಗಿಯೇ. ಅಂಗಡಿ ಬಿಡುವಾಗ ಬೋರ್ಡು ಬಿಚ್ಚಿ, ಬೋಲ್ಟಿನ ತೂತುಗಳನ್ನು ಮುಚ್ಚಿ, ಬಣ್ಣ ಹಚ್ಚಿಕೊಡುವ ಹೊಣೆಯನ್ನು ಬಾಡಿಗೆದಾರರು ತಾವಾಗಿಯೇ ಬರೆದುಕೊಟ್ಟರೆ ಮಾಲೀಕರ ಅರ್ಧ ಆಕ್ಷೇಪ ಅಲ್ಲಿಯೇ ಕರಗುತ್ತದೆ.