ಅಆಇಈ ಬಿಟ್ಟು ರಗಸದಅ ಹಿಡಿದೆ, ಮಕ್ಕಳು ಉಳಿದರು

ಅಮೆರಿಕದ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಹೇಳಿಕೊಡಲು ಶುರು ಮಾಡಿ ನಾಲ್ಕು ವರ್ಷವಾಯಿತು. "ದುಡ್ಡು ಕೊಟ್ಟು ಕನ್ನಡ ಯಾರು ಕಲೀತಾರೆ?" ಅಂದವರು ನಮ್ಮ ಮನೆಯವರೇ. ಮೊದಲ ಬ್ಯಾಚಿಗೆ ಆರು ಮಕ್ಕಳು ಸೇರಿದ್ದರು. ಎರಡೇ ತಿಂಗಳಿಗೆ ಇಬ್ಬರು ಉಳಿದರು.

ತಪ್ಪು ನನ್ನದೇ. ಅ ಆ ಇ ಈ ಇಂದ ಹಿಡಿದು ಸುಮ್ನೆ ತಿದ್ದಿಸುತ್ತಿದ್ದೆ. ಈ ಮಕ್ಕಳಿಗೆ ಮನೆಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಎರಡು ತಿಂಗಳು ತಿದ್ದಿದರೂ ಒಂದು ಪದ ಓದಲು ಆಗದಿದ್ದರೆ ಯಾವ ಮಗು ಕೂರುತ್ತದೆ?

ಆಗ ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಕಲಿಕಾ ಪದ್ಧತಿ ನೆನಪಾಯಿತು. ಅಲ್ಲಿ ಮೊದಲು ರ ಗ ಸ ದ ಅ. ಐದೇ ಅಕ್ಷರಕ್ಕೆ ರಸ, ಸರ, ಅರಸ, ಅಗಸ ಎಲ್ಲ ಓದಬಹುದು. ಆಮೇಲೆ ಜ ವ ಮ ಬ ನ ಸೇರಿದರೆ ಮರ, ಜನ, ವನ, ಬಸವ. "ಅಆಇಈ ಬಿಟ್ಟು ಇದೇನು ಮೇಡಂ?" ಎಂದು ತಾಯಂದಿರು ಕೇಳಿದರು. ಎರಡು ವಾರ ಕೊಡಿ ಅಂದೆ.

ನ್ಯೂಜೆರ್ಸಿಯ ಏಳು ವರ್ಷದ ಹುಡುಗಿ ಎರಡನೇ ಕ್ಲಾಸಿನಲ್ಲೇ 'ಗರಗಸ' ಓದಿದಳು. ಅರ್ಥ ಗೊತ್ತಿಲ್ಲ. ತಾತನನ್ನು ಕೇಳು ಅಂದೆ. ತಿಪಟೂರಿನ ತಾತ ವಿಡಿಯೋ ಕಾಲಿನಲ್ಲಿ ನಿಜವಾದ ಗರಗಸವನ್ನೇ ತಂದು ತೋರಿಸಿದರಂತೆ! ಅಂದಿನಿಂದ ಪ್ರತಿ ವಾರ ಊರಿನ ಅಜ್ಜಿ-ತಾತನಿಗೆ ಮೂರು ಪದ ಓದಿ ಹೇಳುವುದೇ ಹೋಂವರ್ಕ್. ನನ್ನ ಕ್ಲಾಸಿಗೆ ಜಾಸ್ತಿ ಮಕ್ಕಳನ್ನು ತಂದುಕೊಟ್ಟವರು ಆ ಅಜ್ಜಿಯಂದಿರೇ, ಜಾಹೀರಾತಿಗೆ ಸುರಿದ ಎಂಟು ಸಾವಿರ ಅಲ್ಲ.

ದುಡ್ಡಿನ ಪಾಠವನ್ನೂ ಹೊಡೆತ ತಿಂದೇ ಕಲಿತೆ. ಮೊದಲು ತಿಂಗಳ ಕೊನೆಗೆ ಫೀಸು ಕೇಳುತ್ತಿದ್ದೆ, ಮೂರು ಮನೆಯವರು ಕೊಡಲೇ ಇಲ್ಲ. ಈಗ ಎಂಟು ಕ್ಲಾಸಿಗೆ 40 ಡಾಲರ್, ಮುಂಗಡ. ಅರ್ಧ ಗಂಟೆ, ಒಂದು ಗುಂಪಿಗೆ ಮೂರೇ ಮಕ್ಕಳು. ನಾಲ್ಕನೆಯವರು ಸೇರಿದರೆ ಒಬ್ಬರು ಕ್ಯಾಮೆರಾ ಆಫ್ ಮಾಡುತ್ತಾರೆ. ಹದಿನೈದು ಹದಿನಾರು ಮಕ್ಕಳಿದ್ದಾಗ ತಿಂಗಳಿಗೆ ಹತ್ತಿರಹತ್ತಿರ 50 ಸಾವಿರ ರೂಪಾಯಿ ಬರುತ್ತದೆ. ಜೂನ್-ಜುಲೈನಲ್ಲಿ ಎಲ್ಲರೂ ಊರಿಗೆ ಬರುವುದರಿಂದ ಅರ್ಧಕ್ಕರ್ಧ ಇಳಿಯುತ್ತದೆ.

ಗಡಿಯಾರದ ವಿಷಯ ಮರೀಬೇಡಿ. ನ್ಯೂಜೆರ್ಸಿಯ ಶನಿವಾರ ಬೆಳಗ್ಗೆ ಒಂಬತ್ತೂವರೆ ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ 7. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದಿಟ್ಟ ಮೇಲೆ 8. ಮೊದಲ ವರ್ಷ ಇದು ಗೊತ್ತಿಲ್ಲದೆ 7ಕ್ಕೇ ಲಾಗಿನ್ ಆಗಿ ಒಬ್ಬಳೇ ಕೂತಿದ್ದೆ. ಎಂಟಕ್ಕೆ ಮಕ್ಕಳು ಬಂದಾಗ ನಾನಿರಲಿಲ್ಲ.

ನಡುವೆ ಕಥೆ ಓದುವ ಕ್ಲಬ್ ಮಾಡಿ ನೋಡಿದೆ, ಸೋತಿತು. ಒತ್ತಕ್ಷರ ಗಟ್ಟಿಯಾಗದೆ ಕಥೆ ಓದಲಾಗದು. ಅದರಲ್ಲೂ ಅರ್ಕಾವತ್ತು ಬಲು ಕಷ್ಟ. 'ಸೂರ್ಯ'ದಲ್ಲಿ ರ್ ಗುರುತು ಯ ಆದ ಮೇಲೆ ಬರುವುದರಿಂದ ಮಕ್ಕಳು 'ಸೂಯರ್' ಅಂತಲೇ ಓದುತ್ತಾರೆ. ಅದನ್ನು ಬಿಡಿಸಲು ಒಂದು ಆಟ ಮಾಡಿದ್ದೇನೆ, ಮೂರು ಕ್ಲಾಸಿಗೆ ಸರಿಹೋಗುತ್ತದೆ. ಆಟ ಯಾವುದು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು ಅದರಲ್ಲೇ ಇದೆ.